ಹಳೆಯ ಟ್ರ್ಯಾಕ್ಟರ್ ವ್ಯಾಪಾರ: ಬಿಗಿಮಾತು, ಸುಳ್ಳು, ಮೌನ – ಇವುಗಳ ಗೆರೆ ಎಲ್ಲಿದೆ

ತೊಗರಿ ರಾಶಿ ಮುಗಿದು ಕೈಯಲ್ಲಿ ಹಣ ಆಡುವ ಫೆಬ್ರುವರಿ, ಮಾರ್ಚ್ ತಿಂಗಳುಗಳಲ್ಲಿ ನಮ್ಮ ಕಲಬುರಗಿ, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಹಳೆಯ ಟ್ರ್ಯಾಕ್ಟರ್ ಕೊಳ್ಳುವ ಮತ್ತು ಮಾರುವ ಮಾತುಗಳು ಶುರುವಾಗುತ್ತವೆ. ಈ ವ್ಯಾಪಾರದಲ್ಲಿ ಎರಡೂ ಕಡೆಯವರು ಒಂದಿಷ್ಟು ಬಿಗಿ ತೋರಿಸುತ್ತಾರೆ, ಒಂದಿಷ್ಟನ್ನು ಹೇಳದೆ ಉಳಿಸಿಕೊಳ್ಳುತ್ತಾರೆ, ಕೆಲವರು ಸುಳ್ಳನ್ನೂ ಹೇಳುತ್ತಾರೆ. ಮಾತಿನ ಭರದಲ್ಲಿ ಈ ಮೂರೂ ಒಂದೇ ಎಂಬಂತೆ ಕಾಣುತ್ತವೆ. ಆದರೆ ವ್ಯಾಪಾರ ಕೆಟ್ಟಾಗ ಊರ ಹಿರಿಯರ ಮುಂದಾಗಲಿ ನ್ಯಾಯಾಲಯದ ಮುಂದಾಗಲಿ ಇವುಗಳಿಗೆ ಸಿಗುವ ತೀರ್ಪು ಒಂದೇ ಅಲ್ಲ. ಮಾರುವವರೂ ಕೊಳ್ಳುವವರೂ ಮಾತಿಗೆ ಕೂಡುವ ಮೊದಲೇ ಈ ಗೆರೆಯನ್ನು ಎಳೆದುಕೊಳ್ಳುವುದು ಹೇಗೆ ಎಂಬುದನ್ನು ಒಂದೇ ಉದಾಹರಣೆಯ ಮೂಲಕ ಇಲ್ಲಿ ವಿವರಿಸಿದ್ದೇನೆ.

ಉದಾಹರಣೆ ಕಲ್ಪಿತವಾದದ್ದು, ಮೊತ್ತಗಳೂ ಲೆಕ್ಕ ತೋರಿಸಲು ಇಟ್ಟುಕೊಂಡವು. ಶಹಾಪುರ ತಾಲ್ಲೂಕಿನ ಹಿರಿಯ ರೈತರೊಬ್ಬರು ತಮ್ಮ ಎಂಟು ವರ್ಷದ ಹಳೆಯ ಟ್ರ್ಯಾಕ್ಟರನ್ನು ಮಾರಬೇಕಾಗಿದೆ. ಸೇಡಂ ಕಡೆಯ ಯುವ ರೈತರೊಬ್ಬರು ಅದನ್ನು ನೋಡಲು ಬರುತ್ತಾರೆ. ಮಾರುವವರಿಗೆ ನಾಲ್ಕು ಸಂಗತಿಗಳು ಗೊತ್ತಿವೆ. ಮೊದಲನೆಯದಾಗಿ, ಮಗಳ ಮದುವೆಯ ಖರ್ಚಿಗಾಗಿ ಎರಡು ವಾರದೊಳಗೆ ಅವರಿಗೆ ಹಣ ಬೇಕು. ಎರಡನೆಯದಾಗಿ, ಬ್ಯಾಂಕಿನ ಸಾಲದಲ್ಲಿ ಇನ್ನೂ 60,000 ರೂಪಾಯಿ ಬಾಕಿ ಇದೆ. ಮೂರನೆಯದಾಗಿ, ಹೈಡ್ರಾಲಿಕ್ ಲಿಫ್ಟ್ ಭಾರವನ್ನು ಎತ್ತುತ್ತದೆ, ಆದರೆ ಹಿಡಿದು ನಿಲ್ಲಿಸುವುದಿಲ್ಲ. ಸರಿಪಡಿಸಲು 25,000 ರೂಪಾಯಿ ಆಗುತ್ತದೆ ಎಂದು ಮೆಕ್ಯಾನಿಕ್ ಹೇಳಿದ್ದಾನೆ. ನಾಲ್ಕನೆಯದಾಗಿ, ಅವರ ಸ್ವಂತ ಹೊಲ ಒಣಭೂಮಿಯಾದರೂ ಟ್ರ್ಯಾಕ್ಟರ್ ಎರಡು ಹಂಗಾಮು ಕಾಲುವೆ ನೀರಿನ ಭತ್ತದ ಗದ್ದೆಗಳಲ್ಲಿ ಬಾಡಿಗೆಗೆ ಕೆಸರು ಹೊಡೆದಿದೆ.

ಮೊದಲು ಕೊನೆಯ ಬೆಲೆಯನ್ನು ಬರೆದಿಡಿ

ಎದುರಿನವರ ಮುಖ ನೋಡಿ ನಿರ್ಧರಿಸಿದ ಬೆಲೆ ಕೊನೆಯ ಬೆಲೆಯಾಗುವುದಿಲ್ಲ. ಈ ವ್ಯಾಪಾರ ಮುರಿದರೆ ನಮ್ಮ ಕೈಯಲ್ಲಿ ಏನು ಉಳಿಯುತ್ತದೆ ಎಂಬ ಲೆಕ್ಕದಿಂದಲೇ ಅದು ಹುಟ್ಟಬೇಕು. ನಮ್ಮ ಉದಾಹರಣೆಯಲ್ಲಿ ಕಲಬುರಗಿಯ ಡೀಲರ್ ಲಿಫ್ಟಿನ ಸ್ಥಿತಿಯನ್ನು ನೋಡಿಯೇ 3,75,000 ರೂಪಾಯಿಗೆ ಗಾಡಿಯನ್ನು ತೆಗೆದುಕೊಳ್ಳಲು ಒಪ್ಪಿದ್ದಾನೆ. ಖಾಸಗಿಯಾಗಿ ಮಾರಿದರೆ ಮಧ್ಯಸ್ಥನಿಗೆ 10,000 ರೂಪಾಯಿ ಕೊಡಬೇಕು. ಆದ್ದರಿಂದ ಮಾರುವವರ ಕೊನೆಯ ಬೆಲೆ 3,85,000. ಅದಕ್ಕಿಂತ ಕೆಳಗೆ ಬಂದರೆ ಡೀಲರನ ಬಳಿಗೆ ಹೋಗುವುದೇ ಮೇಲು.

ಕೊಳ್ಳುವವರಿಗೆ ಹುಮನಾಬಾದ್ ಕಡೆ ಇಂಥದೇ ಇನ್ನೊಂದು ಗಾಡಿ 4,20,000 ರೂಪಾಯಿಗೆ ಸಿಗುತ್ತದೆ, ಅದನ್ನು ಊರಿಗೆ ತರಲು 10,000 ಖರ್ಚಾಗುತ್ತದೆ. ಹಾಗಾಗಿ ಶಹಾಪುರದ ಗಾಡಿ ಪೂರ್ತಿ ಸುಸ್ಥಿತಿಯಲ್ಲಿದ್ದರೆ ಅವರು 4,30,000ದವರೆಗೆ ಕೊಡಬಹುದು. ಲಿಫ್ಟ್ ಕೆಟ್ಟಿದೆ ಎಂದು ತಿಳಿದರೆ ಆ ಮಿತಿ 4,05,000ಕ್ಕೆ ಇಳಿಯುತ್ತದೆ. ಅಂದರೆ ನಿಜ ತಿಳಿದಿರುವ ಇಬ್ಬರ ನಡುವೆ 3,85,000ದಿಂದ 4,05,000ದವರೆಗೆ ಮಾತ್ರ ಜಾಗವಿದೆ. ಲಿಫ್ಟಿನ ಬಗ್ಗೆ ಸುಳ್ಳು ಹೇಳಿದರೆ ಆ ಜಾಗ 25,000 ರೂಪಾಯಿಯಷ್ಟು ಮೇಲಕ್ಕೆ ಹಿಗ್ಗುತ್ತದೆ, ಆದರೆ ಹಿಗ್ಗಿದ ಭಾಗವಷ್ಟೂ ಕೊಳ್ಳುವವರ ಜೇಬಿನಿಂದ ಅವರಿಗೆ ತಿಳಿಯದಂತೆ ತೆಗೆದ ಹಣ. ಒಂದು ಸಂಗತಿ ಮುಖ್ಯವೋ ಅಲ್ಲವೋ ಎಂಬ ಅನುಮಾನ ಬಂದಾಗಲೆಲ್ಲ ಈ ಪರೀಕ್ಷೆಯನ್ನೇ ಬಳಸಬಹುದು: ಅದು ತಿಳಿದರೆ ಎದುರಿನವರ ಕೊನೆಯ ಬೆಲೆ ಬದಲಾಗುತ್ತದೆಯೇ?

ಎರಡನೆಯ ಹೆಜ್ಜೆ: ಗೊತ್ತಿರುವುದನ್ನು ವಿಂಗಡಿಸಿ

ನಾಲ್ಕು ಸಂಗತಿಗಳಲ್ಲಿ ಮದುವೆಯ ಅವಸರ ಒಂದೇ ಬೇರೆ ಜಾತಿಯದು. ಅದು ಮಾರುವವರ ಮನೆಯ ಸಂಗತಿಯೇ ಹೊರತು ಟ್ರ್ಯಾಕ್ಟರಿನ ಸಂಗತಿಯಲ್ಲ. ಅದು ತಿಳಿದರೂ ತಿಳಿಯದಿದ್ದರೂ ಕೊಳ್ಳುವವರಿಗೆ ಸಿಗುವ ಗಾಡಿ ಒಂದೇ. ಅದನ್ನು ಹೇಳದಿರುವುದರಲ್ಲಿ ಯಾವ ತಪ್ಪೂ ಇಲ್ಲ. ಕೊನೆಯ ಬೆಲೆಯೂ ಹಾಗೆಯೇ. ದನದ ಸಂತೆಯಲ್ಲಿ ಟವೆಲ್ ಕೆಳಗೆ ಕೈಯಿಟ್ಟು ಬೆರಳು ಹಿಡಿದು ಬೆಲೆ ಮಾತಾಡುವುದನ್ನು ನೋಡಿದವರಿಗೆ, ಬೆಲೆಯ ಲೆಕ್ಕವನ್ನು ಮರೆಯಲ್ಲಿಡುವುದು ಮೋಸವಲ್ಲವೆಂದು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಟವೆಲ್ ಬೆರಳುಗಳನ್ನು ಮುಚ್ಚುತ್ತದೆ, ಎತ್ತಿನ ಕಾಲನ್ನು ಮುಚ್ಚುವುದಿಲ್ಲ.

ಉಳಿದ ಮೂರೂ ಗಾಡಿಗೆ ಸೇರಿದವು. ಅವುಗಳಲ್ಲಿ ಸಾಲದ ಬಾಕಿಯನ್ನು ಕೇಳದಿದ್ದರೂ ಹೇಳಲೇಬೇಕು. 1930ರ ಸರಕು ಮಾರಾಟ ಕಾಯ್ದೆಯ ಕಲಂ 14ರ ಪ್ರಕಾರ, ಕೊಳ್ಳುವವರಿಗೆ ಮೊದಲೇ ತಿಳಿಸದ ಯಾವ ಹೊರೆಯೂ ವಸ್ತುವಿನ ಮೇಲೆ ಇಲ್ಲ ಎಂಬ ಖಾತರಿ, ಬಾಯಲ್ಲಿ ಹೇಳದಿದ್ದರೂ, ಮಾರಾಟದಲ್ಲೇ ಅಡಗಿರುತ್ತದೆ. ಆದ್ದರಿಂದ ಇಲ್ಲಿ ಮೌನವೇ ಮಾತಿಗೆ ತಪ್ಪಿದಂತಾಗುತ್ತದೆ. ಜೊತೆಗೆ ಮೋಟಾರು ವಾಹನ ಕಾಯ್ದೆಯ ಕಲಂ 51ರ ಪ್ರಕಾರ, ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ನಮೂದಾಗಿರುವವರೆಗೆ ಆ ಬ್ಯಾಂಕಿನ ಲಿಖಿತ ಒಪ್ಪಿಗೆಯಿಲ್ಲದೆ ಒಡೆತನದ ವರ್ಗಾವಣೆಯನ್ನು ನಮೂದಿಸುವಂತಿಲ್ಲ; ಮುಚ್ಚಿಟ್ಟರೂ ಆರ್‌ಟಿಒ ಕಚೇರಿಯಲ್ಲಿ ಅದು ಹೊರಬೀಳುತ್ತದೆ.

ಲಿಫ್ಟಿನ ದೋಷ ಮತ್ತು ಗದ್ದೆಯ ದುಡಿಮೆಯ ವಿಚಾರದಲ್ಲಿ ಕಾನೂನು ಹಲವರು ಅಂದುಕೊಂಡಿರುವುದಕ್ಕಿಂತ ಸಡಿಲವಾಗಿದೆ. 1872ರ ಭಾರತೀಯ ಕರಾರು ಕಾಯ್ದೆಯ ಕಲಂ 17 ವಂಚನೆ ಎಂದರೇನೆಂದು ವಿವರಿಸುವಾಗ, ಬರಿಯ ಮೌನ ವಂಚನೆಯಲ್ಲ ಎಂದು ಹೇಳಿ ಕುದುರೆಯ ಉದಾಹರಣೆಯನ್ನೇ ಕೊಡುತ್ತದೆ: ಕುದುರೆಗೆ ದೋಷವಿದೆ ಎಂದು ತಿಳಿದವನು ಏನೂ ಹೇಳದೆ ಅದನ್ನು ಹರಾಜಿನಲ್ಲಿ ಮಾರಿದರೆ ಅದು ವಂಚನೆಯಾಗುವುದಿಲ್ಲ. ಆದರೆ ಆ ಸಡಿಲಿಕೆಗೆ ಅಲ್ಲೇ ಮಿತಿಗಳೂ ಇವೆ. ಕೊಳ್ಳುವವಳು ಆಗತಾನೆ ಪ್ರಾಯಕ್ಕೆ ಬಂದ ಮಾರುವವನ ಮಗಳಾಗಿದ್ದರೆ, ಆ ಸಂಬಂಧದ ಕಾರಣಕ್ಕೆ ಹೇಳುವ ಹೊಣೆ ಬರುತ್ತದೆ. ಕೊಳ್ಳುವವನು "ನೀವು ಅಲ್ಲ ಎನ್ನದಿದ್ದರೆ ಕುದುರೆಗೆ ದೋಷವಿಲ್ಲವೆಂದು ತಿಳಿಯುತ್ತೇನೆ" ಎಂದಾಗ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮನಾಗುತ್ತದೆ. ಈ ಎರಡನೆಯ ಮಿತಿ ಕೊಳ್ಳುವವರ ಕೈಯಲ್ಲಿ ಒಳ್ಳೆಯ ಸಾಧನ. ಅದಕ್ಕೆ ಮುಂದೆ ಬರುತ್ತೇನೆ. ಹೊಲ, ಮನೆಗಳ ಮಾರಾಟದಲ್ಲಿ ಮಾತ್ರ ಇಷ್ಟು ಸಡಿಲಿಕೆ ಇಲ್ಲ. ಕೊಳ್ಳುವವರು ಸಾಮಾನ್ಯ ಎಚ್ಚರ ವಹಿಸಿದರೂ ಕಾಣಲಾಗದ ಮುಖ್ಯ ದೋಷವನ್ನು ತಿಳಿದಿರುವ ಮಾರಾಟಗಾರ ತಾನಾಗಿ ಹೇಳಬೇಕೆಂದು 1882ರ ಆಸ್ತಿ ವರ್ಗಾವಣೆ ಕಾಯ್ದೆಯ ಕಲಂ 55 ಹೇಳುತ್ತದೆ.

ಕಾನೂನು ಬಿಟ್ಟುಕೊಟ್ಟ ಮಾತ್ರಕ್ಕೆ ಹೇಳದೆ ಇರುವುದು ಜಾಣತನವಾಗುವುದಿಲ್ಲ. ಲಿಫ್ಟಿನ ದೋಷವನ್ನು ಮಾರುವವರೇ ಮೊದಲು ಹೇಳಿಬಿಡಬೇಕು ಎಂಬುದು ನನ್ನ ಅಭಿಪ್ರಾಯ; ಇದಕ್ಕೆ ಕಾರಣ ವ್ಯಾಪಾರದ್ದೇ. ಬಂದವರ ಜೊತೆಗಿರುವ ಮೆಕ್ಯಾನಿಕ್ ಅದನ್ನು ಕೆಲವೇ ನಿಮಿಷಗಳಲ್ಲಿ ಕಂಡುಹಿಡಿಯುತ್ತಾನೆ, ಅಲ್ಲಿಂದ ಮುಂದೆ ಮಾರುವವರ ಯಾವ ಮಾತಿಗೂ ಬೆಲೆ ಇರುವುದಿಲ್ಲ. ಇನ್ನು ಬ್ರೇಕು, ಸ್ಟಿಯರಿಂಗಿನಂಥ ದೋಷಗಳ ವಿಚಾರದಲ್ಲಿ ಕಾನೂನಿನ ಕುದುರೆಯನ್ನು ನೆಚ್ಚಿಕೊಂಡು ಸುಮ್ಮನಿರುವುದನ್ನು ನಾನು ಒಪ್ಪುವುದೇ ಇಲ್ಲ. ಟ್ರೈಲರ್ ತುಂಬ ಕೂಲಿಯವರನ್ನು ಕೂರಿಸಿಕೊಂಡು ಓಡುವ ಗಾಡಿ ಅದು.

ಮೂರನೆಯ ಹೆಜ್ಜೆ: ಬಿಗಿಮಾತನ್ನು ಸುಳ್ಳಾಗದಂತೆ ಆಡುವುದು

ಬ್ಲಫ್ ಎಂದು ಕರೆಯುವ ಬಿಗಿಮಾತು ನಮ್ಮ ಮನಸ್ಸಿನ ಗಟ್ಟಿತನದ ಬಗ್ಗೆ ಆಡುವ ಮಾತು. "ಇಷ್ಟಕ್ಕ ಕೊಡಂಗಿಲ್ಲ", "ಬಿಡ್ರಿ, ಬ್ಯಾರೆ ಗಾಡಿ ನೋಡ್ಕೋತೀವಿ" ಎನ್ನುವಾಗ ಇದು ಚೌಕಾಸಿಯ ಮಾತು, ನಾಳೆ ಬದಲಾಗಬಹುದು ಎಂಬುದು ಕೇಳುವವರಿಗೂ ಗೊತ್ತಿರುತ್ತದೆ. ಅವರು ಅದನ್ನು ನಂಬಿ ಮೋಸಹೋಗುವುದಿಲ್ಲ, ಅಳೆದು ನೋಡುತ್ತಾರೆ. ಸುಳ್ಳು ಹಾಗಲ್ಲ. ಅದು ಎದುರಿನವರು ತಾವೇ ನೋಡಲಾಗದ, ಆದರೆ ನಿಜವೆಂದು ನೆಚ್ಚಿ ಹಣ ಕೊಡುವ ಸಂಗತಿಯ ಬಗ್ಗೆ ಆಡುವ ಮಾತು.

ಈ ಗೆರೆ ಹೆಚ್ಚಾಗಿ ಮಸುಕಾಗುವುದು "ಇನ್ನೊಬ್ಬ ಗಿರಾಕಿ"ಯ ವಿಚಾರದಲ್ಲಿ. ನಮ್ಮ ಮಾರುವವರನ್ನು ಹಿಂದಿನ ತಿಂಗಳು ಒಬ್ಬರು 3,80,000ಕ್ಕೆ ಕೇಳಿದ್ದರು, ಆಮೇಲೆ ಬೇರೆ ಗಾಡಿ ಕೊಂಡರು ಎಂದಿಟ್ಟುಕೊಳ್ಳೋಣ. "ನಿನ್ನೆ ಒಬ್ಬರು ನಾಲ್ಕು ನಲವತ್ತಕ್ಕ ಕೇಳ್ಯಾರ" ಎಂದರೆ ಅದು ನೇರ ಸುಳ್ಳು. "ಒಬ್ಬರು ಮೂರು ಎಂಬತ್ತಕ್ಕ ಕೇಳಿದ್ರು, ನಾ ಕೊಡ್ಲಿಲ್ಲ" ಎಂಬುದು ನಿಜ. ಆದರೆ "ಕೇಳಾಕತ್ತಾರ" ಎಂದು ಈಗಲೂ ಆ ಗಿರಾಕಿ ಕಾಯುತ್ತಿರುವಂತೆ ಹೇಳಿದರೆ, ಮೊತ್ತ ನಿಜವಾದರೂ ಮಾತು ಸುಳ್ಳಾಗುತ್ತದೆ. ಇಲ್ಲದ ಪೈಪೋಟಿಯನ್ನು ಸೃಷ್ಟಿಸಿ ಬೆಲೆ ಏರಿಸುವುದನ್ನು ಕಾನೂನು ಹೇಗೆ ನೋಡುತ್ತದೆ ಎಂಬುದಕ್ಕೆ ಹರಾಜಿನ ನಿಯಮವೇ ಸಾಕ್ಷಿ. ಮಾರುವವನು ಬೆಲೆ ಏರಿಸಲೆಂದು ಹುಸಿ ಸವಾಲು ಕೂಗಿಸಿದರೆ ಕೊಂಡವನು ಆ ಮಾರಾಟವನ್ನು ರದ್ದುಪಡಿಸಬಹುದು ಎಂದು ಸರಕು ಮಾರಾಟ ಕಾಯ್ದೆಯ ಕಲಂ 64 ಹೇಳುತ್ತದೆ. ನಮ್ಮದು ಹರಾಜಲ್ಲ, ಆ ಕಲಂ ಇಲ್ಲಿ ನೇರವಾಗಿ ಅನ್ವಯಿಸುವುದಿಲ್ಲ. ಆದರೂ ಅದರ ಹಿಂದಿನ ತರ್ಕ ಎರಡೂ ಕಡೆ ಒಂದೇ.

ಪೈಪೋಟಿ ತೋರಿಸಬೇಕಾದವರಿಗೆ ನಿಜವಾದ ಪರ್ಯಾಯವೇ ಸಾಕಷ್ಟು ಬಲ ಕೊಡುತ್ತದೆ. "ಡೀಲರ್ ತಗೋತೀನಿ ಅಂದಾನ, ಎಷ್ಟಕ್ಕ ಅನ್ನೋದು ಹೇಳಂಗಿಲ್ಲ" ಎಂಬ ಮಾತಿನಲ್ಲಿ ಸುಳ್ಳಿಲ್ಲ, ಅಂಕಿಯೂ ಬಿಟ್ಟುಕೊಟ್ಟಿಲ್ಲ.

ಕೊಳ್ಳುವವರ ಬಿಗಿಮಾತಿಗೂ ಇದೇ ಅಳತೆ. ಜೇಬಿನಲ್ಲಿ ನಾಲ್ಕು ಲಕ್ಷಕ್ಕೂ ಮೇಲಿಟ್ಟುಕೊಂಡು "ನನ್ನ ಹತ್ರ ಇರೋದೇ ಮೂರು ಎಂಬತ್ತು" ಎನ್ನುವುದನ್ನು ನಮ್ಮಲ್ಲಿ ಯಾರೂ ದೊಡ್ಡ ಅಪರಾಧವೆಂದು ಎಣಿಸುವುದಿಲ್ಲ, ಇಷ್ಟಕ್ಕೆ ಕರಾರು ಮುರಿಯುವ ಪ್ರಸಂಗವೂ ಸಾಮಾನ್ಯವಾಗಿ ಬರುವುದಿಲ್ಲ. ಆದರೂ ನಾನು ಅದನ್ನು ಬೇಡವೆನ್ನುತ್ತೇನೆ, ಏಕೆಂದರೆ ಅದೇ ಕೆಲಸವನ್ನು "ಈ ಗಾಡಿಗೆ ನಾ ಮೂರು ಎಂಬತ್ತು ಕೊಡ್ತೀನಿ" ಎಂಬ ಮಾತೂ ಮಾಡುತ್ತದೆ. ಮೊದಲನೆಯದನ್ನು ಹೇಳಿದವರು ಹತ್ತು ನಿಮಿಷದಲ್ಲಿ 3,95,000ಕ್ಕೆ ಏರಿದರೆ ತಮ್ಮ ಮಾತನ್ನು ತಾವೇ ಸುಳ್ಳು ಮಾಡಿದಂತಾಗುತ್ತದೆ. ಎರಡನೆಯದನ್ನು ಹೇಳಿದವರು ಬರಿಯ ಬೆಲೆ ಏರಿಸಿದಂತಾಗುತ್ತದೆ.

"ಇದೇ ಕೊನೆ" ಎಂಬ ಮಾತನ್ನು ನಿಜವಾದ ಕೊನೆಗಾಗಿ ಉಳಿಸಿಕೊಳ್ಳುವುದು ಒಳ್ಳೆಯದು. ಅದಕ್ಕಿಂತ ಮೊದಲಿನ ಹಂತಗಳಲ್ಲಿ "ಇವತ್ತಿನ ಮಟ್ಟಿಗೆ", "ಈ ಷರತ್ತಿನ ಮ್ಯಾಲೆ" ಎಂದು ಸೇರಿಸಿ ಹೇಳಿದರೆ ಇಳಿಯಲು ದಾರಿ ಇರುತ್ತದೆ. ಇಳಿಯುವಾಗಲೂ ಬದಲಿಗೆ ಏನನ್ನಾದರೂ ಕೇಳಿ ಇಳಿಯಬೇಕು, ಬೇಗ ಹಣವೋ, ಟ್ರೈಲರ್ ಬಿಟ್ಟುಕೊಡುವುದೋ, ಏನಾದರೂ ಸರಿ. ಕಾರಣವಿಲ್ಲದೆ ಇಳಿದವರ ಮುಂದಿನ ಮಿತಿಯನ್ನೂ ಯಾರೂ ನಂಬುವುದಿಲ್ಲ.

ನಾಲ್ಕನೆಯ ಹೆಜ್ಜೆ: ನೇರ ಪ್ರಶ್ನೆ ಬಂದಾಗ

ಮೌನಕ್ಕೆ ಇರುವ ರಕ್ಷಣೆ ಪ್ರಶ್ನೆ ಬಂದ ಕೂಡಲೇ ಕುಗ್ಗುತ್ತದೆ. ಕೊಳ್ಳುವವರು "ಕಾಕಾ, ಗಾಡಿ ಗದ್ದ್ಯಾಗ ಓಡ್ಯಾದೇನ್ರಿ?" ಎಂದು ಕೇಳುತ್ತಾರೆ. ಈ ಪ್ರಶ್ನೆ ಸುಮ್ಮನೆ ಬಂದದ್ದಲ್ಲ. ಕೇಜ್ ವೀಲ್ ಹಾಕಿ ಕೆಸರು ಹೊಡೆದ ಗಾಡಿಯಲ್ಲಿ ನೀರು, ಕೆಸರು ಸೀಲುಗಳನ್ನು ದಾಟಿ ಬ್ರೇಕು ಮತ್ತು ಮುಂದಿನ ಗಾಲಿಗಳ ಬೇರಿಂಗಿಗೆ ಇಳಿದಿರಬಹುದು, ಕ್ಲಚ್ಚೂ ಬೇಗ ಸವೆದಿರುತ್ತದೆ. ಎರೆಹೊಲದಲ್ಲಿ ತೊಗರಿ, ಜೋಳಕ್ಕೆ ಮಾತ್ರ ದುಡಿದ ಗಾಡಿಯ ಸವೆತವೇ ಬೇರೆ.

ಇದಕ್ಕೆ "ಇಲ್ಲ" ಎಂದರೆ ಸುಳ್ಳು ಎಂಬುದು ಎಲ್ಲರಿಗೂ ಗೊತ್ತು. ಅಪಾಯಕಾರಿಯಾದದ್ದು "ನಮ್ಮ ಹೊಲದಾಗ ಎಲ್ಲಾ ತೊಗರಿ, ಹತ್ತಿನೇ ನೋಡು ತಮ್ಮಾ" ಎಂಬ ಉತ್ತರ. ಅದರ ಪ್ರತಿ ಪದವೂ ನಿಜ. ಅವರ ಹೊಲದಲ್ಲಿ ಭತ್ತವಿಲ್ಲ. ಆದರೆ ಬಾಡಿಗೆಗೆ ಓಡಿದ ಎರಡು ಹಂಗಾಮನ್ನು ಮರೆಸಲೆಂದೇ ಆ ನಿಜವನ್ನು ಮುಂದೆ ಮಾಡಲಾಗಿದೆ, ಕೇಳಿದವರು ಗಾಡಿ ಗದ್ದೆಗೆ ಇಳಿದಿಲ್ಲವೆಂದೇ ತಿಳಿಯುತ್ತಾರೆ. ಹೇಳಿದವರು ತಾವು ಸುಳ್ಳಾಡಲಿಲ್ಲವೆಂದು ಸಮಾಧಾನಪಟ್ಟುಕೊಂಡರೂ, ಮೋಸಹೋದವರು ಅದನ್ನು ಸುಳ್ಳಿಗಿಂತ ಕಡಿಮೆಯೆಂದು ಎಣಿಸುವುದಿಲ್ಲ. ಮೋಸಗೊಳಿಸಲೆಂದೇ ಮಾಡಿದ ಬೇರೆ ಯಾವುದೇ ಕೃತ್ಯವನ್ನೂ ಕರಾರು ಕಾಯ್ದೆಯ ಕಲಂ 17 ವಂಚನೆಯ ಪಟ್ಟಿಯಲ್ಲೇ ಸೇರಿಸಿರುವುದರಿಂದ, "ಪದ ನಿಜವಿತ್ತು" ಎಂಬ ವಾದವನ್ನು ನೆಚ್ಚಿಕೊಳ್ಳುವುದು ಕ್ಷೇಮವೂ ಅಲ್ಲ.

ಪ್ರಾಮಾಣಿಕ ಉತ್ತರಗಳು ಎರಡೇ. ಒಂದು, ನಿಜ ಹೇಳುವುದು: "ಹೌದು, ಎರಡು ಹಂಗಾಮು ಬಾಡಿಗಿಗೆ ಗದ್ದ್ಯಾಗ ಓಡ್ಯಾದ. ಬ್ರೇಕ್ ಬಿಚ್ಚಿ ನೋಡಬೇಕಂದ್ರ ನೋಡ್ರಿ." ಇನ್ನೊಂದು, ಉತ್ತರಿಸುವುದಿಲ್ಲವೆಂದು ಬಾಯಿಬಿಟ್ಟು ಹೇಳುವುದು. ಕೊನೆಯ ಬೆಲೆ, ಡೀಲರ್ ಹೇಳಿದ ಮೊತ್ತ, ಮಾರುವ ಕಾರಣ ಇಂಥವಕ್ಕೆ ಈ ಎರಡನೆಯದು ಸಲ್ಲುತ್ತದೆ. "ಯಾಕ ಮಾರಾಕತ್ತೀರಿ?" ಎಂದು ಕೇಳಿದರೆ "ಮನ್ಯಾಗಿನ ವಿಚಾರ, ಅದನ್ನ ಬಿಡ್ರಿ" ಎನ್ನಬಹುದು, "ಹೊಸ ಗಾಡಿ ತಗೋಳಾಕತ್ತೀನಿ" ಎಂದು ಕಟ್ಟಿ ಹೇಳಬೇಕಾಗಿಲ್ಲ. ಗಾಡಿಯ ಬಗೆಗಿನ ಪ್ರಶ್ನೆಗೆ "ಹೇಳಂಗಿಲ್ಲ" ಎಂದರೆ ಕೊಳ್ಳುವವರು ಅದನ್ನು ದೋಷವೆಂದೇ ಓದಿಕೊಳ್ಳುತ್ತಾರೆ, ಅದು ಅವರ ಹಕ್ಕು. ನಿಜವಾಗಿ ಗೊತ್ತಿಲ್ಲದಿದ್ದರೆ "ಗೊತ್ತಿಲ್ಲ" ಎನ್ನಬೇಕು. ತಿಳಿಯದೆಯೇ "ಏನೂ ಆಗಿಲ್ಲ" ಎಂದು ಖಚಿತವಾಗಿ ಹೇಳುವುದು, ಅದು ನಿಜವಲ್ಲದಿದ್ದರೆ, ಹೇಳಿದವರು ಅದನ್ನು ನಂಬಿದ್ದರೂ, ಅದೇ ಕಾಯ್ದೆಯ ಕಲಂ 18ರಡಿ ತಪ್ಪು ನಿರೂಪಣೆಯಾಗುತ್ತದೆ. ಸೋಮವಾರ ಹೇಳಿದ್ದು ಗುರುವಾರದ ಹೊತ್ತಿಗೆ ಸುಳ್ಳಾಗಿದ್ದರೆ, ಅಂದರೆ ಅಂದು ಸರಿಯಿದ್ದ ಸೆಲ್ಫ್ ಸ್ಟಾರ್ಟರ್ ಈಗ ಕೈಕೊಟ್ಟಿದ್ದರೆ, ಹಣ ಪಡೆಯುವ ಮೊದಲು ಅದನ್ನು ತಿಳಿಸುವ ಹೊಣೆಯೂ ಹೇಳಿದವರದೇ.

ಬಾಯಿ ಬಿಡದೆಯೂ ಸುಳ್ಳು ಹೇಳಬಹುದು. ತಂಪಾದ ಎಂಜಿನ್ ಬೇಗ ಹಿಡಿಯುವುದಿಲ್ಲ ಎಂದು ತಿಳಿದು ಗಿರಾಕಿ ಬರುವ ಮೊದಲೇ ಓಡಿಸಿ ಬಿಸಿಯಾಗಿಡುವುದು, ನೀಲಿ ಹೊಗೆ ಕಾಣದಿರಲೆಂದು ದಪ್ಪನೆಯ ಆಯಿಲ್ ತುಂಬುವುದು, ಬಿರುಕಿಗೆ ವೆಲ್ಡಿಂಗ್ ಮಾಡಿ ಬಣ್ಣ ಬಳಿಯುವುದು, ಹವರ್ ಮೀಟರಿನ ಕೇಬಲ್ ಕಿತ್ತಿಡುವುದು, ಇವೆಲ್ಲ ಮೌನವಲ್ಲ. ತಿಳಿದ ಸಂಗತಿಯನ್ನು ಪ್ರಯತ್ನಪೂರ್ವಕವಾಗಿ ಮರೆಮಾಚುವುದು ವಂಚನೆಯೆಂದು ಕಲಂ 17 ಬಿಡಿಸಿ ಹೇಳಿದೆ. ಗಾಡಿಯನ್ನು ತೊಳೆದು ಒರೆಸಿ ನಿಲ್ಲಿಸುವುದು ತಪ್ಪಲ್ಲ. ತೊಳೆಯುವುದು ಆಯಿಲ್ ಸೋರಿಕೆಯ ಗುರುತನ್ನು ಅಳಿಸಲೆಂದಾದರೆ ತಪ್ಪು.

ಐದನೆಯ ಹೆಜ್ಜೆ: ಕೊಳ್ಳುವವರು ಮಾಡಬೇಕಾದದ್ದು

ಕೊಳ್ಳುವವರು ಪರೀಕ್ಷಿಸುವುದು ತಮ್ಮ ಕ್ಷೇಮಕ್ಕಾಗಿ ಮಾತ್ರವಲ್ಲ, ತಮ್ಮ ಹಕ್ಕು ಉಳಿಸಿಕೊಳ್ಳುವುದಕ್ಕಾಗಿಯೂ ಹೌದು. ತಪ್ಪು ನಿರೂಪಣೆಯಿಂದಲೋ ಮೌನದ ವಂಚನೆಯಿಂದಲೋ ಒಪ್ಪಿಗೆ ಪಡೆದಿದ್ದರೂ, ಸಾಮಾನ್ಯ ಎಚ್ಚರದಿಂದ ನಿಜವನ್ನು ಕಂಡುಕೊಳ್ಳುವ ದಾರಿ ಇದ್ದಿದ್ದರೆ ಕರಾರನ್ನು ರದ್ದುಪಡಿಸುವಂತಿಲ್ಲ ಎಂದು ಕರಾರು ಕಾಯ್ದೆಯ ಕಲಂ 19ರ ವಿನಾಯಿತಿ ಹೇಳುತ್ತದೆ. ಬಾಯಿಬಿಟ್ಟು ಹೇಳಿದ ಸುಳ್ಳಿಗೆ ಮತ್ತು ಮರೆಮಾಚಿದ ಕೃತ್ಯಕ್ಕೆ ಆ ವಿನಾಯಿತಿಯ ಆಸರೆ ಸಿಗುವುದಿಲ್ಲ, "ನೀನೇ ನೋಡ್ಕೋಬೇಕಾಗಿತ್ತು" ಎಂಬ ಮಾತು ಅಲ್ಲಿ ನಡೆಯುವುದಿಲ್ಲ.

ಹೋದ ಕೂಡಲೇ ಗಾಡಿ ಶುರು ಮಾಡಿಸಬೇಡಿ. ಮೊದಲು ಎಂಜಿನ್ ಬ್ಲಾಕಿನ ಹತ್ತಿರ ಎಚ್ಚರದಿಂದ ಕೈ ಹಿಡಿದು ಬಿಸಿ ಇದೆಯೇ ನೋಡಿ, ಬಿಸಿ ಇದ್ದರೆ ತಣಿಯುವವರೆಗೆ ಕಾಯಿರಿ. ಲಿಫ್ಟಿಗೆ ಕಲ್ಟಿವೇಟರ್ ಹೂಡಿ ಎತ್ತಿಸಿ ಎಂಜಿನ್ ಬಂದ್ ಮಾಡಿಸಿ. ನಿಧಾನವಾಗಿ ತುಸು ಜಾರುವುದು ಹಳೆಯ ಗಾಡಿಯಲ್ಲಿ ಸಹಜ; ನೋಡನೋಡುತ್ತಲೇ ನೆಲ ಮುಟ್ಟಿದರೆ ಒಳಗಿನ ಸೀಲು ಅಥವಾ ಕಂಟ್ರೋಲ್ ವಾಲ್ವ್ ಹೋಗಿದೆ ಎಂದರ್ಥ. ಅದರ ಕೆಳಗೆ ಮಾತ್ರ ಯಾರೂ ಕೈಕಾಲು ಹಾಕಬಾರದು. ಹವರ್ ಮೀಟರಿನ ಅಂಕಿಯನ್ನು ಪೆಡಲುಗಳ ಸವೆತ ಮತ್ತು ಸ್ಟಿಯರಿಂಗಿನ ಸಡಿಲಿಕೆಯ ಜೊತೆ ಹೋಲಿಸಿದರೆ ಅದು ನಂಬುವಂತಿದೆಯೇ ಎಂಬುದು ತಿಳಿಯುತ್ತದೆ. ಸಾಲದ ನಮೂದನ್ನು ಆರ್‌ಸಿಯಲ್ಲಿಯೂ mParivahan ಆ್ಯಪ್‌ನಲ್ಲಿಯೂ ನೋಡಿಕೊಳ್ಳಬೇಕು.

ನೋಡಿ ತಿಳಿಯಲಾಗದ ಸಂಗತಿಗಳಿಗೆ ಕಾಯ್ದೆಯ ಕುದುರೆ ಖರೀದಿದಾರ ಆಡಿದ ಮಾತನ್ನೇ ನೀವೂ ಆಡಿ. "ಕಾಕಾ, ಗೇರ್ ಬಾಕ್ಸ್ ಒಮ್ಮೆನೂ ಬಿಚ್ಚಿಲ್ಲ, ಎಂಜಿನ್ ಕೆಲಸ ಆಗಿಲ್ಲ ಅಂತ ತಿಳ್ಕೊಂಡು ನಾ ರೇಟ್ ಮಾತಾಡಾಕತ್ತೀನ್ರಿ. ಹಂಗಿಲ್ಲಂದ್ರ ಈಗ್ಲೇ ಹೇಳಿಬಿಡ್ರಿ." ಇದನ್ನು ಇಬ್ಬರು ಕೇಳುವಂತೆ ಹೇಳಿದರೆ, ಅಥವಾ ಮನೆಗೆ ಬಂದು ವಾಟ್ಸಾಪಿನಲ್ಲಿ ಬರೆದು ಕಳುಹಿಸಿದರೆ ಇನ್ನೂ ಒಳ್ಳೆಯದು. ಇಲ್ಲಿಂದ ಮುಂದೆ ಅವರು ಸುಮ್ಮನಿರುವುದು ಸುಮ್ಮನಿದ್ದಂತಲ್ಲ.

ಮಾತು ನಡೆದ ಬಗೆ

ನಮ್ಮ ಉದಾಹರಣೆಗೆ ಮರಳಿದರೆ, ಮಾರುವವರು 4,60,000 ಎಂದು ಶುರು ಮಾಡುತ್ತಾರೆ. ಕೇಳುವ ಬೆಲೆ ಎತ್ತರದಲ್ಲಿರುವುದು ಸುಳ್ಳಲ್ಲ. ಅದು ಬೇಡಿಕೆ ಮಾತ್ರ. ಅದರ ಜೊತೆಗೇ ಹೇಳಿಬಿಡುತ್ತಾರೆ: "ಲಿಫ್ಟ್ ಎತ್ತತದ, ನಿಲ್ಲಂಗಿಲ್ಲ. ಬ್ಯಾಂಕಿಂದು ಅರವತ್ತು ಸಾವಿರ ಬಾಕಿ ಅದ." ಮೆಕ್ಯಾನಿಕ್ ಹೇಳಿದ ಖರ್ಚನ್ನು ಅವರು ತಾವಾಗಿ ಹೇಳುವುದಿಲ್ಲ. ದೋಷ ತಿಳಿದ ಮೇಲೆ ದುರಸ್ತಿಯ ಅಂದಾಜನ್ನು ಕೊಳ್ಳುವವರೂ ಮಾಡಿಸಿಕೊಳ್ಳಬಲ್ಲರು. ಆದರೆ ಕೇಳಿದರೆ "ನಮ್ಮ ಮೆಕ್ಯಾನಿಕ್ ಇಪ್ಪತ್ತೈದು ಅಂದಾನ" ಎಂದೇ ಹೇಳಬೇಕು, ಹದಿನೈದು ಎನ್ನುವಂತಿಲ್ಲ.

ಕೊಳ್ಳುವವರು ಲಿಫ್ಟ್ ನೋಡಿ, ಗದ್ದೆಯ ಪ್ರಶ್ನೆ ಕೇಳಿ ನೇರ ಉತ್ತರ ಪಡೆದು, ಬ್ರೇಕ್ ಪರೀಕ್ಷಿಸಿ ಸರಿಯಿದೆ ಎಂದು ಕಂಡುಕೊಂಡು 3,60,000 ಎನ್ನುತ್ತಾರೆ. ಮಾತು 4,30,000 ಮತ್ತು 3,75,000ಕ್ಕೆ ಬರುತ್ತದೆ. ಮಾರುವವರು "ಇವತ್ತಿನ ಮಟ್ಟಿಗೆ ನಾಲ್ಕು ಹತ್ತರ ಕೆಳಗ ಬರಂಗಿಲ್ಲ" ಎನ್ನುತ್ತಾರೆ. ಇದು ಬಿಗಿಮಾತು, ಅವರ ನಿಜವಾದ ಮಿತಿ 25,000 ಕೆಳಗಿದೆ. ಕೊಳ್ಳುವವರು "ಹುಮನಾಬಾದ್ ಕಡೆ ಒಂದು ಗಾಡಿ ನೋಡಿಟ್ಟೀನ್ರಿ" ಎನ್ನುತ್ತಾರೆ. ಇದು ನಿಜ, ಅದರ ಬೆಲೆ ಹೇಳದಿರುವುದು ಅವರ ಹಕ್ಕು. "ಅದು ಇದಕ್ಕಿಂತ ಅಗ್ಗ ಅದ" ಎಂದಿದ್ದರೆ ಸುಳ್ಳಾಗುತ್ತಿತ್ತು. ಕೊನೆಗೆ ಮಾರುವವರು "ನಾಳೆನೇ ಬ್ಯಾಂಕಿನ ಬಾಕಿ ನೀ ಕಟ್ಟೋದಾದ್ರ ನಾಲ್ಕಕ್ಕ ಬರ್ತೀನಿ" ಎಂದು ಕಾರಣದೊಂದಿಗೆ ಇಳಿಯುತ್ತಾರೆ, ಮತ್ತೆ ಎರಡು ಸಾವಿರಕ್ಕೆ ಎಳೆದಾಡಿ 3,98,000ಕ್ಕೆ ಕೈ ಕೊಡುತ್ತಾರೆ. ಮದುವೆಯ ಅವಸರ, ಎರಡೂ ಕಡೆಯ ಕೊನೆಯ ಬೆಲೆ, ಡೀಲರನ ಅಂಕಿ ಯಾವುದೂ ಹೊರಬರಲಿಲ್ಲ. ಗಾಡಿಯ ಬಗ್ಗೆ ಮುಚ್ಚಿಟ್ಟದ್ದೂ ಏನೂ ಉಳಿಯಲಿಲ್ಲ.

ಮಧ್ಯಸ್ಥನ ವಿಚಾರವನ್ನು ಇಲ್ಲಿಯೇ ಹೇಳಬೇಕು. ಎಷ್ಟೋ ವ್ಯಾಪಾರಗಳಲ್ಲಿ ಸುಳ್ಳು ಬರುವುದು ಮಾರುವವರ ಬಾಯಿಂದಲ್ಲ, ಅವನ ಬಾಯಿಂದ. ನಿಮ್ಮ ಪರವಾಗಿ ಮಾತಾಡಲು ನೀವು ನೇಮಿಸಿದವನು ಆ ಕೆಲಸದಲ್ಲಿ ಮಾಡಿದ ವಂಚನೆ, ನೀವೇ ಮಾಡಿದಷ್ಟೇ ಪರಿಣಾಮ ಬೀರುತ್ತದೆ ಎಂದು ಕರಾರು ಕಾಯ್ದೆಯ ಕಲಂ 238 ಹೇಳುತ್ತದೆ. ಆದ್ದರಿಂದ ಯಾವುದನ್ನು ಹೇಳಬೇಕು, ಯಾವುದಕ್ಕೆ "ಅವರನ್ನೇ ಕೇಳ್ರಿ" ಎನ್ನಬೇಕು ಎಂಬುದನ್ನು ಅವನಿಗೆ ಮೊದಲೇ ತಿಳಿಸಿರಿ, ಕೊನೆಯ ಬೆಲೆಯನ್ನು ಮಾತ್ರ ತಿಳಿಸಬೇಡಿ.

ಕೈ ಕೊಟ್ಟ ಮೇಲೆ ಕಾಗದ

ಒಂದು ಪುಟದ ಕರಾರು ಪತ್ರ ಸಾಕು. ಅದರಲ್ಲಿ ಬೆಲೆ, ಚಾಸಿಸ್ ಮತ್ತು ಎಂಜಿನ್ ಸಂಖ್ಯೆಗಳ ಜೊತೆಗೆ ಎರಡು ಸಾಲುಗಳು ತಪ್ಪದೆ ಇರಲಿ. ಒಂದರಲ್ಲಿ ಮಾರುವವರು ತಿಳಿಸಿದ ದೋಷಗಳು: ಲಿಫ್ಟ್ ಭಾರ ಹಿಡಿದು ನಿಲ್ಲುವುದಿಲ್ಲ, ಎರಡು ಹಂಗಾಮು ಗದ್ದೆಯಲ್ಲಿ ಓಡಿದೆ. ಇನ್ನೊಂದರಲ್ಲಿ ಅವರು ಖಚಿತಪಡಿಸಿದ ಸಂಗತಿಗಳು: ಎಂಜಿನ್ ಮತ್ತು ಗೇರ್ ಬಾಕ್ಸ್ ಬಿಚ್ಚಿಲ್ಲ. ಮೊದಲನೆಯ ಸಾಲು ಮಾರುವವರನ್ನು ಕಾಯುತ್ತದೆ, ಎರಡನೆಯದು ಕೊಳ್ಳುವವರನ್ನು. ಎರಡನೆಯದು ಸುಳ್ಳೆಂದು ಆಮೇಲೆ ತಿಳಿದರೆ ಕಲಂ 19ರ ಪ್ರಕಾರ ಕೊಂಡವರು ಕರಾರನ್ನು ರದ್ದುಪಡಿಸಬಹುದು, ಇಲ್ಲವೇ ಕರಾರನ್ನು ಉಳಿಸಿಕೊಂಡು, ಹೇಳಿದ್ದು ನಿಜವಾಗಿದ್ದರೆ ತಾವು ಯಾವ ಸ್ಥಿತಿಯಲ್ಲಿರುತ್ತಿದ್ದರೋ ಅದಕ್ಕೆ ತಂದುಕೊಡುವಂತೆ ಕೇಳಬಹುದು.

60,000 ರೂಪಾಯಿಯನ್ನು ಮಾರುವವರ ಕೈಗೆ ಕೊಡದೆ ನೇರವಾಗಿ ಬ್ಯಾಂಕಿನ ಸಾಲದ ಖಾತೆಗೆ ಕಟ್ಟಿ, ರಸೀದಿಯನ್ನು ಮುಂಗಡವೆಂದು ಕರಾರಿನಲ್ಲಿ ಬರೆಸಿಕೊಳ್ಳಬೇಕು. ಬ್ಯಾಂಕಿನಿಂದ ಎನ್‌ಒಸಿ ಹಾಗೂ ಸಾಲದ ನಮೂದು ತೆಗೆಸಲು ಬೇಕಾದ, ಸಹಿಯಾದ ಫಾರ್ಮ್ 35 ಬಂದ ಮೇಲೆ ಒಡೆತನ ವರ್ಗಾವಣೆಯ ಫಾರ್ಮ್ 29 ಮತ್ತು 30ಕ್ಕೆ ಸಹಿ ಪಡೆದು ಉಳಿದ 3,38,000 ರೂಪಾಯಿಯನ್ನು ಬ್ಯಾಂಕ್ ಖಾತೆಯ ಮೂಲಕವೇ ಪಾವತಿಸುವುದು ಕ್ಷೇಮ. ವರ್ಗಾವಣೆಯಾದ 14 ದಿನದೊಳಗೆ ಮಾರಿದವರು, 30 ದಿನದೊಳಗೆ ಕೊಂಡವರು ಆರ್‌ಟಿಒಗೆ ತಿಳಿಸಬೇಕು. ವಿಮೆಯನ್ನೂ ಹೊಸ ಹೆಸರಿಗೆ ಬದಲಾಯಿಸಿಕೊಳ್ಳಬೇಕು. ಮಾರಿದವರು ಸಹಿ ಮಾಡಿದ ಫಾರ್ಮುಗಳ ಪ್ರತಿಯನ್ನು ತಮ್ಮ ಬಳಿ ಇಟ್ಟುಕೊಳ್ಳಲಿ, ಏಕೆಂದರೆ ಆರ್‌ಸಿಯಲ್ಲಿ ಹೆಸರು ಬದಲಾಗುವವರೆಗೆ ಗಾಡಿ ಅಪಘಾತ ಮಾಡಿದರೆ ನೋಟಿಸು ಬರುವುದು ಅವರ ಮನೆಗೇ.